ಮೊದಲು 50 ಯೂರೋ, ಆಮೇಲೆ ಉಳಿದದ್ದು: ಪೂರ್ತಿ ಅಡ್ವಾನ್ಸ್ ತರಿಸಿಕೊಂಡ ನನ್ನ ಅನುಭವ

ಹ್ಯಾಂಬರ್ಗ್‌ನ ಒಬ್ಬ ಬೈಯರ್ ಹೋದ ವರ್ಷ ನನಗೆ 3,750 ಯೂರೋ ಪೂರ್ತಿ ಅಡ್ವಾನ್ಸ್ ಹಾಕಿದರು. ಆಗಿನ್ನೂ ಮರ ಲೇತ್ ಹತ್ತಿರಲಿಲ್ಲ. ಚನ್ನಪಟ್ಟಣದಲ್ಲಿ ನಮ್ಮ ಕೆಲಸ ಬಲ್ಲವರು ಯಾರೂ ಇದನ್ನು ನಂಬಲಿಲ್ಲ. ನಮ್ಮ ಬಾವ ಅಂತೂ, "ಕಂಡಿಲ್ಲ ಕೇಳಿಲ್ಲ, ಪರದೇಶದವನು ನಿನ್ನ ಒಂದು ಪಿಡಿಎಫ್ ನೋಡಿ ಮೂರೂವರೆ ಲಕ್ಷ ಹಾಕ್ತಾನೇನಪ್ಪ? ಮೂವತ್ತು ಪರ್ಸೆಂಟ್ ಕೇಳು ಸಾಕು" ಅಂದಿದ್ದರು. ದುಡ್ಡು ಕ್ರೆಡಿಟ್ ಆದ ಮೆಸೇಜನ್ನು ಅವರಿಗೇ ಮೊದಲು ತೋರಿಸಿದೆ.

ರಫ್ತಿಗೆ ಬೇಕಾದ ಐಇಸಿ, ಎಡಿ ಕೋಡ್, ಎಲ್‌ಯುಟಿ ಇವೆಲ್ಲ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಅವುಗಳ ವಿವರಕ್ಕೆ ಹೋಗುವುದಿಲ್ಲ.

ಈ ದಾರಿಗೆ ಬಂದದ್ದು ಒಂದು ದೊಡ್ಡ ನಷ್ಟದಿಂದ. ಅದಕ್ಕೂ ಎರಡು ವರ್ಷ ಹಿಂದೆ ಬೇರೊಂದು ದೇಶದ ಬೈಯರ್‌ಗೆ ಪ್ರೊಫಾರ್ಮಾ, ಅಂದರೆ ಮಾಲಿಗೆ ಮೊದಲೇ ಕೊಡುವ ಬಿಲ್, ಕಳಿಸಿದ್ದೆ. ವರ್ಡ್ ಫೈಲ್, ಅದರ ಕೆಳಗೇ ಬ್ಯಾಂಕ್ ವಿವರ. ನಾಲ್ಕು ದಿನ ಬಿಟ್ಟು ಅವರಿಗೆ ನನ್ನ ಹೆಸರಿನಲ್ಲೇ ಇನ್ನೊಂದು ಮೇಲ್ ಹೋಗಿದೆ: ನಮ್ಮ ಖಾತೆ ಆಡಿಟ್‌ನಲ್ಲಿದೆ, ಈ ಹೊಸ ಖಾತೆಗೆ ಹಾಕಿ, ಅಂತ. ಮೇಲ್ ವಿಳಾಸದಲ್ಲಿ ಒಂದೇ ಒಂದು ಅಕ್ಷರ ವ್ಯತ್ಯಾಸ. ಪ್ರೊಫಾರ್ಮಾ ಮಾತ್ರ ನನ್ನದೇ, ಲೋಗೋ ಸಮೇತ, ಖಾತೆ ನಂಬರ್ ಮಾತ್ರ ಬೇರೆ. ಸುಮಾರು 1,900 ಡಾಲರ್ ಹೋಯಿತು. ಅವರು ನನ್ನನ್ನು ಅನುಮಾನಿಸಿದರು, ನಾನು ಅವರನ್ನು. ಆರ್ಡರ್ ಅಲ್ಲಿಗೇ ಮುಗಿಯಿತು. ಆಮೇಲೆ ನನ್ನ ಮೇಲ್‌ನ ಸೆಟ್ಟಿಂಗ್ಸ್ ತೆಗೆದು ನೋಡಿದರೆ, "invoice" ಅನ್ನುವ ಪದ ಇರುವ ಮೇಲ್‌ಗಳೆಲ್ಲ ನನಗೆ ಗೊತ್ತಿಲ್ಲದ ವಿಳಾಸಕ್ಕೆ ಫಾರ್ವರ್ಡ್ ಆಗುವ ಹಾಗೆ ಯಾರೋ ಒಂದು ಫಿಲ್ಟರ್ ಕೂರಿಸಿದ್ದರು. ಇವತ್ತೇ ನಿಮ್ಮ ಮೇಲ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್ ಎರಡನ್ನೂ ತೆಗೆದು ನೋಡಿ. ಪಾಸ್‌ವರ್ಡ್ ಬದಲಿಸಿದರೂ ಆ ಫಿಲ್ಟರ್ ಹಾಗೇ ಉಳಿದಿರುತ್ತದೆ.

ಆಗ ನನಗೆ ಹೊಳೆದದ್ದು ಇಷ್ಟು: ಅಡ್ವಾನ್ಸ್ ಹಾಕುವವನಿಗೆ ಮಾಲಿನ ಬಗ್ಗೆ ಇರುವ ಭಯಕ್ಕಿಂತ ಖಾತೆಯ ಬಗ್ಗೆ ಇರುವ ಭಯವೇ ಹೆಚ್ಚು. ಮಾಲಿಗೆ ಸ್ಯಾಂಪಲ್ ಕಳಿಸುತ್ತೇವೆ. ಹಾಗಾದರೆ ಖಾತೆಗೂ ಒಂದು ಸ್ಯಾಂಪಲ್ ಇರಬೇಕು ತಾನೆ?

ಹ್ಯಾಂಬರ್ಗ್‌ನ ಆರ್ಡರ್ ಹೀಗಿತ್ತು. ಆಲೆ ಮರದ, ಅರಗು ಹಚ್ಚಿದ ನ್ಯಾಪ್ಕಿನ್ ಉಂಗುರ 3,000, ಒಂದಕ್ಕೆ 95 ಸೆಂಟ್. ಸಣ್ಣ ಬಟ್ಟಲು 200, ಒಂದಕ್ಕೆ ನಾಲ್ಕೂವರೆ ಯೂರೋ. ಆಟಿಕೆ ಬೇಕೆಂದೇ ಇಟ್ಟುಕೊಳ್ಳಲಿಲ್ಲ. ಯುರೋಪಿಗೆ ಆಟಿಕೆ ಅಂದರೆ ಟೆಸ್ಟಿಂಗ್ ಖರ್ಚೇ ಲಾಭವನ್ನು ತಿಂದುಬಿಡುತ್ತದೆ. ಊಟದ ಮೇಜಿನ ಮರದ ಸಾಮಾನು ಅಂತ 4419ರ ಕೆಳಗೆ ಬರೆದೆ. ಎಫ್‌ಸಿಎ ಬೆಂಗಳೂರು ಏರ್‌ಪೋರ್ಟ್, ಅಂದರೆ ಅಲ್ಲಿ ಮಾಲು ಒಪ್ಪಿಸುವವರೆಗೆ ನನ್ನ ಹೊಣೆ, ಅಲ್ಲಿಂದ ಮುಂದೆ ಅವರದೇ ಫಾರ್ವರ್ಡರ್.

ಪ್ರೊಫಾರ್ಮಾಕ್ಕೆ ಟ್ಯಾಕ್ಸ್ ಇನ್‌ವಾಯ್ಸ್‌ನ ಸರಣಿಯ ನಂಬರ್ ಹಾಕಬೇಡಿ, ಬೇರೆ ಸರಣಿ ಇಡಿ. ನಾನು ಮೊದಲು ಒಂದೇ ಸರಣಿ ಓಡಿಸಿ, ಜಿಎಸ್‌ಟಿ ರಿಟರ್ನ್‌ನಲ್ಲಿ ನಡುವೆ ನಂಬರ್ ಕಾಣೆಯಾಗಿ ಆಡಿಟರ್ ಹತ್ತಿರ ಬೈಸಿಕೊಂಡಿದ್ದೇನೆ. ದರಕ್ಕೆ 15 ದಿನದ ಅವಧಿ ಹಾಕಿದೆ. ಇನ್ನೊಂದು ಸಾಲು ಬಹಳ ಮುಖ್ಯ: ಮಾಲು ಕೊಡುವ 35 ದಿನದ ಗಡುವು ಶುರುವಾಗುವುದು ದುಡ್ಡು ನನ್ನ ಖಾತೆಗೆ ಕ್ರೆಡಿಟ್ ಆದ ದಿನದಿಂದ, ಅವರು ಸ್ವಿಫ್ಟ್ ಕಾಪಿ ಕಳಿಸಿದ ದಿನದಿಂದಲ್ಲ. ಸ್ವಿಫ್ಟ್ ಕಾಪಿ ಅಂದರೆ ದುಡ್ಡು ಹೊರಟಿದೆ ಅನ್ನುವ ಚೀಟಿ ಅಷ್ಟೇ. ಅದನ್ನು ನಂಬಿ ಮರ ಕೊಯ್ಸಿ 11 ದಿನ ಕಾದು, ಕೊನೆಗೆ ದುಡ್ಡು ವಾಪಸ್ ಹೋದದ್ದು ನನ್ನದೇ ಅನುಭವ.

ಅದು ವಾಪಸ್ ಹೋದದ್ದು ಹೆಸರಿನಿಂದ. ಲೆಟರ್‌ಹೆಡ್‌ನಲ್ಲಿ ನನ್ನ ಅಂಗಡಿಯ ಹೆಸರಿನ ಕೊನೆಗೆ "Exports" ಅಂತಿತ್ತು, ಕರೆಂಟ್ ಅಕೌಂಟ್‌ನಲ್ಲಿ "Handicrafts" ಅಂತ. ಬೈಯರ್ ಲೆಟರ್‌ಹೆಡ್ ನೋಡಿ ಟೈಪ್ ಮಾಡಿದರು, ನಮ್ಮ ಬ್ಯಾಂಕ್ ಹೆಸರು ಹೊಂದುತ್ತಿಲ್ಲ ಅಂತ ತಡೆಯಿತು. ಹೋಗಿ ಬರುವ ಖರ್ಚಿನಲ್ಲಿ ಸುಮಾರು 40 ಡಾಲರ್ ಸೋರಿತು. ಈಗ ಪ್ರೊಫಾರ್ಮಾದ ತಲೆಬರಹ, ಐಇಸಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಹೆಸರು.

ಬ್ಯಾಂಕ್ ವಿವರವನ್ನು ಪ್ರೊಫಾರ್ಮಾದಲ್ಲಿ ಹಾಕುವುದನ್ನೇ ಬಿಟ್ಟೆ. ಅದರಲ್ಲಿ "ಬ್ಯಾಂಕ್ ವಿವರ ಪ್ರತ್ಯೇಕ ಪತ್ರದಲ್ಲಿದೆ, ಅದು ಬದಲಾಗುವುದಿಲ್ಲ, ಬದಲಾಗಿದೆ ಎಂಬ ಮೇಲ್ ಬಂದರೆ ದುಡ್ಡು ಹಾಕದೆ ನನಗೆ ಫೋನ್ ಮಾಡಿ" ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ಪ್ರತ್ಯೇಕ ಪತ್ರ ಬ್ಯಾಂಕಿನದೇ ಲೆಟರ್‌ಹೆಡ್‌ನಲ್ಲಿ, ಮ್ಯಾನೇಜರ್ ಸಹಿ, ಸೀಲು. ಅದನ್ನು ಪಡೆಯಲು ಶಾಖೆಗೆ ಮೂರು ಸಲ ಅಲೆದೆ. ಕೊನೆಗೆ ನಾನೇ ಟೈಪ್ ಮಾಡಿಕೊಂಡು ಹೋದ ಮೇಲೆ ಹತ್ತು ನಿಮಿಷದಲ್ಲಿ ಆಯಿತು. ಅದರ ಒಡಲು ಇದು:

```
Beneficiary Name    :
Account No.         :
Bank, Branch        :
SWIFT (BIC)         :
IFSC                :
Correspondent (EUR) :
IBAN                : Not applicable in India
Charges             : OUR
Remittance info     : Advance against PI-07
```

ಐಬಾನ್ ಸಾಲು ಬೇಡ ಅನ್ನಿಸಬಹುದು, ಆದರೆ ಅದೇ ಬೇಕು. ಯುರೋಪಿನವರು ಐಬಾನ್ ಇಲ್ಲದ ಖಾತೆಯನ್ನು ಕಂಡೇ ಇರುವುದಿಲ್ಲ. ಅವರ ಆನ್‌ಲೈನ್ ಬ್ಯಾಂಕಿಂಗ್‌ನ ಸಾಮಾನ್ಯ ಫಾರಂ ಐಬಾನ್ ಇಲ್ಲದೆ ಮುಂದಕ್ಕೇ ಹೋಗುವುದಿಲ್ಲ. ಜರ್ಮನಿಯಲ್ಲಿ ಹೊರದೇಶದ ಪಾವತಿಗೆ ಬೇರೆ ಫಾರಂ ಇದೆ, "Auslandsüberweisung" ಅಂತ. ನಾನು ಆ ಪದವನ್ನೇ ಮೇಲ್‌ನಲ್ಲಿ ಬರೆದೆ. ಹ್ಯಾಂಬರ್ಗ್‌ನವರಿಗೆ ಅದೊಂದು ಪದ ಕಂಡೇ ನನ್ನ ಮೇಲೆ ಅರ್ಧ ನಂಬಿಕೆ ಬಂತಂತೆ.

ಸ್ವಿಫ್ಟ್ ಕೋಡ್ ವಿಷಯಕ್ಕೆ ಬಂದರೆ, ಸಣ್ಣ ಊರಿನ ಶಾಖೆಗಳಿಗೆ ಸಾಮಾನ್ಯವಾಗಿ ಸ್ವಂತ ಕೋಡ್ ಇರುವುದಿಲ್ಲ. ಫಾರೆಕ್ಸ್ ನೋಡುವ ದೊಡ್ಡ ಶಾಖೆಯ ಕೋಡ್ ಹಾಕಬೇಕು, ಐಎಫ್‌ಎಸ್‌ಸಿ ಮಾತ್ರ ನಮ್ಮ ಶಾಖೆಯದು. ನಡುವೆ ಯೂರೋ ದಾಟಿಸುವ ಕರೆಸ್ಪಾಂಡೆಂಟ್ ಬ್ಯಾಂಕ್ ಯಾವುದು ಅಂತ ಶಾಖೆಯ ಕೌಂಟರ್‌ನಲ್ಲಿ ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ, ಫಾರೆಕ್ಸ್ ಸೆಲ್‌ಗೆ ಮೇಲ್ ಹಾಕಿ ಕೇಳಿ. ಡಾಲರ್‌ನದನ್ನು ಯೂರೋ ಪಾವತಿಗೆ ಕೊಟ್ಟರೆ ದುಡ್ಡು ಸುತ್ತಿ ಬಳಸಿ ಬರುತ್ತದೆ, ದಾರಿಯಲ್ಲಿ ಸವೆಯುತ್ತದೆ.

ಪ್ರೊಫಾರ್ಮಾ ಕಳಿಸಿದ ದಿನವೇ ಅದರ ಒಂದು ಕಾಪಿಯನ್ನು ನಮ್ಮ ಬ್ಯಾಂಕಿಗೂ ಕೊಡುತ್ತೇನೆ, ಜೊತೆಗೆ ಒಂದು ಪತ್ರ: ಇಂಥವರಿಂದ ಇಷ್ಟು ಬರಲಿದೆ, ಪರ್ಪಸ್ ಕೋಡ್ P0103, ಅಂದರೆ ಮಾಲಿನ ರಫ್ತಿಗೆ ಮುಂಗಡ. ಮೊದಲು ಇದನ್ನು ಮಾಡುತ್ತಿರಲಿಲ್ಲ. ದುಡ್ಡು ಬ್ಯಾಂಕಿಗೆ ಬಂದು ಒಂದು ವಾರ ಸುಮ್ಮನೆ ಕೂತಿತ್ತು. ಯಾವ ಕಾರಣಕ್ಕೆ ಬಂದ ದುಡ್ಡು ಅಂತ ಕೇಳಿ ಅವರು ಕಳಿಸಿದ್ದ ಮೇಲ್ ನನ್ನ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು.

ಈಗ ಸ್ಯಾಂಪಲ್ ವಿಷಯ. ಹ್ಯಾಂಬರ್ಗ್‌ನವರಿಗೆ ಬರೆದೆ: "3,750 ಹಾಕಬೇಡಿ. ಮೊದಲು 50 ಯೂರೋ ಹಾಕಿ. ಅದು ನನಗೆ ಬಂತು ಅಂತ ನಾನು ವಿಡಿಯೋ ಕಾಲ್‌ನಲ್ಲಿ ಹೇಳಿದ ಮೇಲೆ ಉಳಿದ 3,700 ಹಾಕಿ. 50 ಯೂರೋಗೆ ನಿಮ್ಮ ಬ್ಯಾಂಕ್ ತೆಗೆದುಕೊಂಡ ಚಾರ್ಜನ್ನು ಮುಂದಿನ ಬಿಲ್‌ನಲ್ಲಿ ಕಳೆಯುತ್ತೇನೆ." ಚಾರ್ಜ್ ಹದಿನೈದು ಇಪ್ಪತ್ತು ಯೂರೋ ಆಸುಪಾಸಿನಲ್ಲಿತ್ತು. ಬಾವ ಇದನ್ನೂ ದಂಡ ಅಂದರು. ನಾನು ಇದನ್ನು ಆರ್ಡರ್‌ನ ಖರ್ಚಿಗೇ ಸೇರಿಸುತ್ತೇನೆ, ಡಬ್ಬ, ದಾರ, ಅರಗಿನ ಹಾಗೆ.

50 ಯೂರೋ ಮೂರನೇ ದಿನ ಬಂತು, ಪೂರ್ತಿ 50. ಅಂದರೆ ಹೆಸರು, ಕೋಡ್, ಕರೆಸ್ಪಾಂಡೆಂಟ್ ಎಲ್ಲ ಸರಿ, ಚಾರ್ಜೆಲ್ಲ ಕಳಿಸುವವರದೇ ಅನ್ನುವ OUR ಅಂತಲೇ ಹಾಕಿದ್ದಾರೆ. ಚಾರ್ಜನ್ನು ಇಬ್ಬರೂ ಹಂಚಿಕೊಳ್ಳುವ SHA ಹಾಕಿದ್ದರೆ ನಡುವಿನ ಬ್ಯಾಂಕ್ ತನ್ನ ಪಾಲು ಕತ್ತರಿಸಿ 30 ಚಿಲ್ಲರೆ ಬರುತ್ತಿತ್ತು, ಆಗಲೇ ಗೊತ್ತಾಗುತ್ತಿತ್ತು. ದೊಡ್ಡ ಮೊತ್ತದಲ್ಲಿ ಈ ತಪ್ಪು ಸಿಕ್ಕಿದರೆ ತಿದ್ದುವುದು ಕಷ್ಟ.

ವಿಡಿಯೋ ಕಾಲ್‌ನಲ್ಲಿ ಒಂದು ಕ್ರಮ ಇದೆ. ಖಾತೆ ನಂಬರನ್ನು ನಾನು ಓದಿ ಹೇಳುವುದಿಲ್ಲ. ಅವರ ಕೈಯಲ್ಲಿರುವ ಪತ್ರದಿಂದ ಅವರು ಓದಬೇಕು, ನಾನು ಪಾಸ್‌ಬುಕ್ ಹಿಡಿದು ಒಂದೊಂದೇ ಅಂಕಿ ಹೊಂದಿಸುತ್ತೇನೆ. ನಾನು ಓದಿದರೆ ಅವರು ಗಮನ ಕೊಡದೆ ಹ್ಞೂಂ ಅಂದುಬಿಡುತ್ತಾರೆ. ದಾರಿಯಲ್ಲಿ ಯಾರಾದರೂ ಪಿಡಿಎಫ್ ತಿದ್ದಿದ್ದರೆ ಅದು ಸಿಕ್ಕಿಬೀಳುವುದು ಅವರು ಓದಿದಾಗಲೇ. ಪತ್ರ ನನ್ನದೇ ಅಂತ ಗುರುತಿಸಲು ಅದರಲ್ಲಿ ಇನ್ನೊಂದು ಗುಟ್ಟಿನ ಗುರುತು ಇಡುತ್ತೇನೆ. ಅದನ್ನು ಇಲ್ಲಿ ಬರೆದರೆ ಗುಟ್ಟಾಗಿ ಉಳಿಯುವುದಿಲ್ಲ, ಹಾಗಾಗಿ ಬಿಟ್ಟಿದ್ದೇನೆ.

ಕಾಲ್ ಆದ ಮರುದಿನವೇ 3,700 ಹೊರಟಿತು. ಅವರ ಹತ್ತಿರ UETR ನಂಬರ್ ಕೇಳಿ ಪಡೆದೆ, ಪಾವತಿಯ ಜಾಡು ಹಿಡಿಯುವ ಉದ್ದನೆಯ ನಂಬರ್ ಅದು. ಅದನ್ನು ಫಾರೆಕ್ಸ್ ಸೆಲ್‌ಗೆ ಕೊಟ್ಟರೆ ದುಡ್ಡು ಯಾವ ಬ್ಯಾಂಕಿನಲ್ಲಿ ನಿಂತಿದೆ ಅಂತ ಹುಡುಕಿ ಹೇಳುತ್ತಾರೆ. ಬರೀ ಮೊತ್ತ, ತಾರೀಖು ಹೇಳಿದರೆ ಹುಡುಕುವುದಿಲ್ಲ.

ದರದ ಮಾತು. ಸುಮ್ಮನಿದ್ದರೆ ಬ್ಯಾಂಕ್ ಕಾರ್ಡ್ ರೇಟ್ ಹಾಕುತ್ತದೆ, ಆ ಹೊತ್ತಿನ ಮಾರ್ಕೆಟ್ ದರಕ್ಕಿಂತ ಯೂರೋಗೆ ಒಂದೂವರೆ ರೂಪಾಯಿ ಕಡಿಮೆ ಇತ್ತು. ಕನ್ವರ್ಟ್ ಮಾಡುವ ಮೊದಲು ನನ್ನನ್ನು ಕೇಳಿ ಅಂತ ಬರೆದು ಕೊಟ್ಟಿದ್ದೆ. ಟ್ರೆಜರಿ ಡೆಸ್ಕ್ ಜೊತೆ ಮಾತಾಡಿ ಆ ವ್ಯತ್ಯಾಸವನ್ನು ಅರ್ಧ ರೂಪಾಯಿಗೆ ಇಳಿಸಿದೆ, ಮೂರೂವರೆ ಸಾವಿರಕ್ಕೂ ಹೆಚ್ಚು ಉಳಿಯಿತು. ಏನು ಮಾತಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಆದರೆ ಡೆಸ್ಕ್‌ಗೆ ಬೆಳಗ್ಗೆ ಹನ್ನೊಂದರ ಮೇಲೆ ಫೋನ್ ಮಾಡಿ.

ನಡುವೆ ಬೇರೆ ದಾರಿಯೂ ನೋಡಿದ್ದೇನೆ. ಯುರೋಪಿನಲ್ಲೇ ನಮ್ಮ ಹೆಸರಿಗೆ ಒಂದು ಸ್ಥಳೀಯ ಖಾತೆ ನಂಬರ್ ಕೊಡುವ ಆನ್‌ಲೈನ್ ಸೇವೆಗಳಿವೆ. ಐಬಾನ್ ತಾಪತ್ರಯವೇ ಇಲ್ಲ, ಒಂದು ಸಣ್ಣ ಆರ್ಡರ್‌ನ 600 ಯೂರೋ ಎರಡೇ ದಿನದಲ್ಲಿ ಬಂತು, ಖರ್ಚೂ ನೂರಕ್ಕೆ ಒಂದರಷ್ಟೇ. ತೊಡಕು ಬಂದದ್ದು ಆಮೇಲೆ. ದುಡ್ಡು ಒಳಗೆ ಬಂದದ್ದು ಆ ಸೇವೆಯವರ ಬ್ಯಾಂಕಿನಿಂದ, ಶಿಪ್ಪಿಂಗ್ ಬಿಲ್ ಹೋದದ್ದು ನನ್ನ ಬ್ಯಾಂಕಿನ ಎಡಿ ಕೋಡ್‌ನಲ್ಲಿ. ಎರಡನ್ನೂ ಹೊಂದಿಸಿ ಬಾಕಿ ತೆಗೆಸಲು ಎರಡು ತಿಂಗಳು ಪತ್ರ ಬರೆದೆ. ಸರ್ವಿಸ್ ಮಾಡುವವರಿಗೆ ಇದು ಹಿಡಿಸಬಹುದು, ಮಾಲು ಕಳಿಸುವ ನನಗೆ ಹಿಡಿಸಲಿಲ್ಲ.

ನೇರ ಬಂದ ದುಡ್ಡಿನಲ್ಲಿ ಈ ಕಷ್ಟ ಇರಲಿಲ್ಲ. 50ಕ್ಕೆ ಒಂದು, 3,700ಕ್ಕೆ ಒಂದು, ಒಳಗೆ ಬಂದ ಪಾವತಿಯ ದಾಖಲೆಯಾದ ಐಆರ್‌ಎಂ ಎರಡು ಬಂದವು. ಮಾಲು ಹೋದ ಮೇಲೆ ಎರಡನ್ನೂ ಒಂದೇ ಶಿಪ್ಪಿಂಗ್ ಬಿಲ್‌ಗೆ ಜೋಡಿಸಲು ಬ್ಯಾಂಕಿಗೆ ಬರೆದು ಕೊಟ್ಟೆ. 50ರದ್ದನ್ನು ಮರೆಯಬೇಡಿ, ಮರೆತರೆ ಮಾಲು ಕಳಿಸದೆ ಉಳಿಸಿಕೊಂಡ ಅಡ್ವಾನ್ಸ್ ಅಂತ ಬ್ಯಾಂಕಿನ ಲೆಕ್ಕದಲ್ಲಿ ತೋರಿಸುತ್ತಲೇ ಇರುತ್ತದೆ. ರಫ್ತಿನ ದುಡ್ಡು ಬಂತು ಅನ್ನುವ ಪ್ರಮಾಣಪತ್ರ, ಇ-ಬಿಆರ್‌ಸಿಯನ್ನು ಡಿಜಿಎಫ್‌ಟಿ ಸೈಟ್‌ನಲ್ಲಿ ನಾನೇ ಮಾಡಿಕೊಂಡೆ. 2023ರ ನವೆಂಬರ್‌ನಿಂದ ಅದಕ್ಕೆ ಬ್ಯಾಂಕನ್ನು ಕಾಯಬೇಕಾಗಿಲ್ಲ.

ಆ ಬೈಯರ್ ಈ ವರ್ಷ ಎರಡನೇ ಆರ್ಡರ್ ಕೊಟ್ಟಿದ್ದಾರೆ, ಬಟ್ಟಲೇ 900. ಈ ಸಲ 50 ಯೂರೋ ಬೇಡ ಅಂದೆ, ಖಾತೆ ಅದೇ. ನಂಬರ್ ಓದುವ ಕಾಲ್ ಮಾತ್ರ ಬಿಡಲಿಲ್ಲ.