ಚಿತ್ರದಲ್ಲಿರುವ ಇಂಗ್ಲಿಷ್ ಆಯತ್‌ಗೆ ಮೂಲ ಅರಬಿ ಪಾಠ ಹುಡುಕುವುದು ಹೇಗೆ?

ಬಸವಣ್ಣನವರ ‘ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ’ ಎಂಬ ಸಾಲನ್ನು ಯಾರೋ ಇಂಗ್ಲಿಷಿಗೆ ತಂದು ಪೋಸ್ಟರ್ ಮಾಡಿದ್ದಾರೆ ಅಂದುಕೊಳ್ಳಿ. ಆ ಪೋಸ್ಟರನ್ನು ಕನ್ನಡದಲ್ಲಿ ಮಾಡಿಕೊಡಿ ಅಂತ ಕೇಳಿದಾಗ ಒಬ್ಬರು ‘ನಿಂತ ವಸ್ತುಗಳು ಬೀಳುತ್ತವೆ, ಚಲಿಸುವವು ಉಳಿಯುತ್ತವೆ’ ಎಂದು ಬರೆದು ಕೆಳಗೆ ಬಸವಣ್ಣ ಅಂತ ಹಾಕಿದರೆ? ಅರ್ಥ ಹತ್ತಿರದಲ್ಲೇ ಇದೆ. ಆದರೆ ಅದು ಬಸವಣ್ಣನವರ ಮಾತಲ್ಲ. ಓದಿದವರಿಗೆ ಮೊದಲ ಪದದಲ್ಲೇ ಗೊತ್ತಾಗುತ್ತದೆ.

ಅರಬಿಯಲ್ಲಿ ಇದೇ ತಪ್ಪು ಆಗಾಗ ಆಗುತ್ತದೆ. ಕೊಲ್ಲಿ ದೇಶಗಳಿಗೆ ಪೋಸ್ಟರ್, ಕ್ಯಾಲೆಂಡರ್, ಕರಪತ್ರ ಮಾಡಿಕೊಡುವ ಡಿಸೈನರ್‌ಗಳ ಕೈಗೆ ಇಂಗ್ಲಿಷ್ ಚಿತ್ರವೊಂದು ಬರುತ್ತದೆ. ಅದರೊಳಗೆ ಕುರ್‌ಆನ್ ಆಯತ್, ಅಂದರೆ ಅದರ ಒಂದು ವಚನ, ಇರುತ್ತದೆ. ಉಳಿದ ಸಾಲುಗಳ ಜೊತೆ ಅದೂ ಅನುವಾದಕ್ಕೆ ಹೋಗಿಬಿಡುತ್ತದೆ. ಕುರ್‌ಆನ್ ಮಟ್ಟಿಗೆ ಮುಸ್ಲಿಮರಿಗೆ ಅರಬಿ ಪಾಠವೇ ಕುರ್‌ಆನ್, ಇಂಗ್ಲಿಷಿನಲ್ಲಿರುವುದು ಅದರ ಅರ್ಥ ಮಾತ್ರ. ಹೈದರಾಬಾದ್ ನಿಜಾಮರ ಸೇವೆಯಲ್ಲಿದ್ದ ಪಿಕ್ತಾಲ್ 1930ರಲ್ಲಿ ಇಂಗ್ಲಿಷ್ ಅನುವಾದ ಹೊರತಂದಾಗ ಹೆಸರಿನಲ್ಲೇ ‘ಅರ್ಥ’ ಎಂಬ ಪದ ಇಟ್ಟಿದ್ದು ಇದೇ ಕಾರಣಕ್ಕೆ. ಹಾಗಾಗಿ ಅರ್ಥದಿಂದ ಮತ್ತೆ ಅರಬಿ ಕಟ್ಟುವುದಲ್ಲ, ಇದ್ದ ಪಾಠವನ್ನು ಹುಡುಕಿ ತರುವುದೇ ನಮ್ಮ ಕೆಲಸ.

ನನ್ನ ಕೈಗೆ ಬಂದ ಒಂದು ಪೋಸ್ಟರನ್ನೇ ಇಟ್ಟುಕೊಂಡು ಹೇಳುತ್ತೇನೆ. ಫಿಸಿಯೋಥೆರಪಿ ಕೇಂದ್ರವೊಂದರ ಗೋಡೆಗೆ ಹಾಕುವಂಥದ್ದು. ಸೂರ್ಯೋದಯದ ಚಿತ್ರದ ಮೇಲೆ ಇಷ್ಟು ಬರೆದಿತ್ತು:

```
Indeed, after hardship comes ease.
Quran 94:5
```

ಮೊದಲು ಕಂಡದ್ದನ್ನು ಕಂಡ ಹಾಗೆ ಟೈಪ್ ಮಾಡಿ

ಚಿತ್ರವನ್ನು ದೊಡ್ಡದು ಮಾಡಿ, ಅಕ್ಷರ ಅಕ್ಷರ ನೋಡಿ ಬರೆದುಕೊಳ್ಳಿ. ಫೋನು ಓದಿಕೊಟ್ಟ ಪಠ್ಯವನ್ನು ಅಂಕಿಗಳ ಮಟ್ಟಿಗೆ ನಂಬಬೇಡಿ. ಮಸುಕಾದ ಚಿತ್ರದಲ್ಲಿ 5 ಮತ್ತು 6 ಒಂದೇ ಥರ ಕಾಣುತ್ತವೆ. ಈ ಪೋಸ್ಟರಿನಲ್ಲಿ ಆ ಎರಡರ ನಡುವೆ ನಿಜವಾದ ವ್ಯತ್ಯಾಸ ಇದೆ, ಮುಂದೆ ಹೇಳುತ್ತೇನೆ. ಚೌಕ ಆವರಣ ಇದ್ದರೆ ಅದನ್ನೂ ಬಿಡಬೇಡಿ. ಕೆಲವು ಇಂಗ್ಲಿಷ್ ಅನುವಾದಗಳು ವಾಕ್ಯ ಪೂರ್ತಿಯಾಗಲೆಂದು ಸೇರಿಸಿದ ಪದಗಳನ್ನು ಅದರೊಳಗೆ ಇಡುತ್ತವೆ. ಅವು ಅರಬಿಯಲ್ಲಿ ಇರುವುದಿಲ್ಲ. ಅವುಗಳಿಗೆ ಅರಬಿ ಪದ ಹುಡುಕುತ್ತಾ ಕೂತರೆ ಹೊತ್ತು ಹೋಗುತ್ತದೆ ಅಷ್ಟೆ.

ಸಂಖ್ಯೆ ಹಿಡಿದು ಹೋಗಿ, ಆದರೆ ಸಂಖ್ಯೆಯನ್ನೇ ನಂಬಬೇಡಿ

ಸಂಖ್ಯೆಯಲ್ಲಿ ಮೊದಲನೆಯದು ಸೂರಾ, ಅಂದರೆ ಅಧ್ಯಾಯ, ಎರಡನೆಯದು ಆಯತ್. ಬ್ರೌಸರಿನಲ್ಲಿ ನೇರವಾಗಿ ಹೀಗೆ ಟೈಪ್ ಮಾಡಿದರೆ ಆಯತ್ ಸಿಗುತ್ತದೆ:

```
quran.com/94/5
```

94ನೇ ಸೂರಾ ಅಶ್ಶರ್ಹ್. ಎಂಟೇ ಎಂಟು ಆಯತ್‌ಗಳ ಪುಟ್ಟ ಸೂರಾ ಇದು. ಐದನೆಯದು ಮತ್ತು ಆರನೆಯದು ಹೀಗಿವೆ:

```
فَإِنَّ مَعَ الْعُسْرِ يُسْرًا
إِنَّ مَعَ الْعُسْرِ يُسْرًا
```

ಓದುವುದು ‘ಫ ಇನ್ನ ಮಅಲ್ ಉಸ್ರಿ ಯುಸ್ರಾ’, ಆಮೇಲೆ ‘ಇನ್ನ ಮಅಲ್ ಉಸ್ರಿ ಯುಸ್ರಾ’. ಎರಡಕ್ಕೂ ಇರುವ ವ್ಯತ್ಯಾಸ ಶುರುವಿನ ‘ಫ’ ಒಂದೇ. ಅದಕ್ಕೆ ‘ಆದ್ದರಿಂದ’, ‘ಯಾಕೆಂದರೆ’ ಎಂಬ ಛಾಯೆ ಇದೆ. ಅರಬಿ ಓದಲು ಬಾರದವರೂ ಇದನ್ನು ಗುರುತಿಸಬಹುದು. ಬಲತುದಿಯಲ್ಲಿ, ತಲೆಯ ಮೇಲೆ ಒಂದು ಚುಕ್ಕೆ ಇರುವ ಸಣ್ಣ ಗುಂಡು ಅಕ್ಷರ ಇದ್ದರೆ ಐದನೆಯದು. ಇಲ್ಲದಿದ್ದರೆ ಆರನೆಯದು.

ಈಗ ಪೋಸ್ಟರಿಗೆ ಬನ್ನಿ. ಇಲ್ಲಿ ಎರಡು ಎಡವಟ್ಟುಗಳಿವೆ. ಅರಬಿಯಲ್ಲಿರುವ ‘ಮಅ’ ಎಂದರೆ ‘ಜೊತೆಗೆ’. ಪೋಸ್ಟರಿನ ಇಂಗ್ಲಿಷ್ ‘ಆಮೇಲೆ’ ಅನ್ನುತ್ತಿದೆ. ಕಷ್ಟದ ಜೊತೆಯಲ್ಲೇ ಸುಲಭ ಇದೆ ಅನ್ನುವುದಕ್ಕೂ, ಕಷ್ಟ ಮುಗಿದ ಮೇಲೆ ಸುಲಭ ಬರುತ್ತದೆ ಅನ್ನುವುದಕ್ಕೂ ಎಷ್ಟು ದೂರ ನೋಡಿ. ನನಗೆ ಈ ಆಯತ್‌ನ ಜೀವವೇ ಆ ‘ಮಅ’ದಲ್ಲಿದೆ ಅನ್ನಿಸುತ್ತದೆ. ಎರಡನೆಯದಾಗಿ, ಪೋಸ್ಟರಿನ ಇಂಗ್ಲಿಷ್ ಶುರುವಿನಲ್ಲಿ ‘ಫ’ಗೆ ಸಮನಾದ ಪದವೇ ಇಲ್ಲ. ಅಂದರೆ ಮಾತು ಆರನೆಯದರದು, ಸಂಖ್ಯೆ ಐದನೆಯದರದು.

‘ಆಮೇಲೆ’ ಎಲ್ಲಿಂದ ಬಂತು?

ಇಂಥ ಕಡೆ ನಿಲ್ಲಬೇಕು. ಇಂಗ್ಲಿಷಿನವರು ಸುಮ್ನೆ ಪದ ಬದಲಿಸಿದ್ದಾರಾ, ಅಥವಾ ಇದು ಬೇರೆಯೇ ಆಯತಾ? ಕುರ್‌ಆನ್‌ನಲ್ಲಿ ‘ಕಷ್ಟದ ನಂತರ ಸುಲಭ’ ಎಂಬ ಮಾತೂ ಇದೆ. 65ನೇ ಸೂರಾ ಅತ್ತಲಾಕ್‌ನ 7ನೇ ಆಯತ್‌ನ ಕೊನೆಯ ಭಾಗ:

```
سَيَجْعَلُ اللَّهُ بَعْدَ عُسْرٍ يُسْرًا
```

‘ಅಲ್ಲಾಹನು ಕಷ್ಟದ ನಂತರ ಸುಲಭವನ್ನು ಉಂಟುಮಾಡುವನು’ ಎಂದು ಇದರ ಅರ್ಥ. ಇಲ್ಲಿ ‘ಬಅದ’ ಎಂಬ ಪದ ಇದೆ, ಅದೇ ‘ಆಮೇಲೆ’. ವಿಚ್ಛೇದನದ ನಂತರ ಮಗುವಿಗೂ ತಾಯಿಗೂ ಕೊಡಬೇಕಾದ ಖರ್ಚಿನ ವಿಚಾರ ಬರುವ ಜಾಗ ಅದು. ಉಳ್ಳವನು ತನ್ನ ಶಕ್ತಿಯಂತೆ ಕೊಡಲಿ, ಇಲ್ಲದವನು ತನಗಿದ್ದುದರಲ್ಲಿ ಕೊಡಲಿ ಎಂದ ಮೇಲೆ ಈ ಮಾತು ಬರುತ್ತದೆ.

ಹಾಗಾದರೆ ಪೋಸ್ಟರಿನ ಸಾಲು ಯಾವುದು? ನಾನು ಹೀಗೆ ತೂಗಿ ನೋಡಿದೆ. 65:7ರಲ್ಲಿ ಅಲ್ಲಾಹನ ಹೆಸರು ಬರುತ್ತದೆ, ಪೋಸ್ಟರಿನಲ್ಲಿ ಇಲ್ಲ. ಪೋಸ್ಟರಿನಲ್ಲಿ ‘ಖಂಡಿತ’ ಎನ್ನುವ ಒತ್ತು ಇದೆ. ಅರಬಿಯ ‘ಇನ್ನ’ ಅದೇ, ಅದು 94ರಲ್ಲಿದೆ, 65:7ರ ಈ ಭಾಗದಲ್ಲಿ ಇಲ್ಲ. ಸಂಖ್ಯೆಯೂ 94. ಮೂರರಲ್ಲಿ ಮೂರೂ ಒಂದೇ ಕಡೆ ತೋರಿಸುತ್ತಿವೆ. ‘ಆಮೇಲೆ’ ಅನ್ನುವುದು ಬಾಯಿಮಾತಿನಲ್ಲಿ ಸೇರಿಕೊಂಡ ಪದ ಎಂದು ತೀರ್ಮಾನಿಸಿದೆ.

ಐದೋ ಆರೋ ಎನ್ನುವುದು ಉಳಿಯಿತು. ಸಂಖ್ಯೆ 5 ಎಂದೇ ಇಟ್ಟರೆ ‘ಫ’ ಇರಲೇಬೇಕು. ‘ಫ’ ಬಿಟ್ಟರೆ ಸಂಖ್ಯೆ 6 ಆಗಬೇಕು. ಎರಡನ್ನೂ ಬೆರೆಸುವ ಹಾಗಿಲ್ಲ. ನಾನು ಅಚ್ಚಾದ ಸಂಖ್ಯೆಯನ್ನು ಉಳಿಸಿಕೊಂಡು ಐದನೆಯ ಆಯತ್ ಹಾಕಿದೆ. ಗಿರಾಕಿಗೆ ಎರಡು ಸಾಲಿನ ಟಿಪ್ಪಣಿ ಕಳಿಸಿದೆ: ‘ಅರಬಿಯಲ್ಲಿ ಜೊತೆಗೆ ಎಂದಿದೆ, ಇಂಗ್ಲಿಷಿನಲ್ಲಿ ಆಮೇಲೆ ಎಂದಿದೆ. ಎರಡೂ ಒಂದೇ ಗೋಡೆಯ ಮೇಲೆ ಬರುವುದಾದರೆ ಇಂಗ್ಲಿಷನ್ನು ತಿದ್ದಿ.’ ಅವರು ತಿದ್ದಿದರು.

ಸಂಖ್ಯೆಯೇ ಇಲ್ಲದ ಚಿತ್ರವಾದರೆ ಇಡೀ ವಾಕ್ಯ ಹಾಕಿ ಹುಡುಕಬೇಡಿ. ಒಂದೇ ಆಯತ್‌ಗೆ ಪಿಕ್ತಾಲ್ ಒಂದು ಪದ ಬಳಸಿದರೆ ಇನ್ನೊಬ್ಬ ಅನುವಾದಕ ಯೂಸುಫ್ ಅಲಿ ಇನ್ನೊಂದು ಬಳಸುತ್ತಾರೆ. ಎರಡು ಗಟ್ಟಿ ನಾಮಪದ ಸಾಕು, ಇಲ್ಲಿಯಾದರೆ ಕಷ್ಟ ಮತ್ತು ಸುಲಭಕ್ಕೆ ಇರುವ ಇಂಗ್ಲಿಷ್ ಪದಗಳು. ಎಷ್ಟು ಹುಡುಕಿದರೂ ಸಿಗದಿದ್ದರೆ ಅದು ಕುರ್‌ಆನ್ ಅಲ್ಲದಿರಬಹುದು. ‘ಕರ್ಮಗಳು ಸಂಕಲ್ಪಕ್ಕೆ ತಕ್ಕಂತೆ’ ಎಂಬ ಮಾತನ್ನು ಎಷ್ಟೋ ಜನ ಆಯತ್ ಅಂದುಕೊಳ್ಳುತ್ತಾರೆ, ಅದು ಹದೀಸ್, ಅಂದರೆ ಪ್ರವಾದಿಯವರ ಮಾತು. ಸಹೀಹ್ ಬುಖಾರಿ ಎಂಬ ಹದೀಸ್ ಸಂಗ್ರಹದ ಮೊದಲ ಹದೀಸೇ ಅದು.

ಟೈಪ್ ಮಾಡಬೇಡಿ, ಕಾಪಿ ಮಾಡಿ

ಪಾಠ ಯಾವುದೆಂದು ಗೊತ್ತಾದ ಮೇಲೆ tanzil.net ತಾಣದಿಂದ ಕಾಪಿ ಮಾಡುವುದು ನನ್ನ ರೂಢಿ. ಅಕ್ಷರ, ಸ್ವರಚಿಹ್ನೆಗಳನ್ನು ಎಚ್ಚರಿಕೆಯಿಂದ ಪರಿಶೀಲಿಸಿದ ಯುನಿಕೋಡ್ ಪಾಠ ಅಲ್ಲಿದೆ. ಬದಲಾಯಿಸದೆ ಇದ್ದ ಹಾಗೇ ಬಳಸಬೇಕು ಎನ್ನುವುದು ಅವರ ಷರತ್ತು. ಅಲ್ಲಿ ಸರಳ ಬರಹ, ಉಸ್ಮಾನಿ ಬರಹ ಎಂದು ಎರಡು ಬಗೆ ಸಿಗುತ್ತವೆ. ಉಸ್ಮಾನಿ ಎಂದರೆ ಅಚ್ಚಾದ ಕುರ್‌ಆನ್ ಪ್ರತಿಯಲ್ಲಿ ಕಾಣುವ ಕಾಗುಣಿತ. ಅದರಲ್ಲಿ ‘ಅಲ್’ ಎಂಬ ಪೂರ್ವಪದದ ಮೊದಲ ಅಕ್ಷರ ಅಲಿಫ್ ಮೇಲೆ ಪುಟ್ಟದೊಂದು ಗುರುತು ಬರುತ್ತದೆ. ಕಂಪ್ಯೂಟರಿಗೆ ಅದು ಬೇರೆಯೇ ಅಕ್ಷರ. ಕಾಪಿ ಮಾಡಿದ ಉಸ್ಮಾನಿ ಸಾಲನ್ನು ಹಾಗೇ ಹುಡುಕಿದರೆ ಕೆಲವೊಮ್ಮೆ ಏನೂ ಸಿಗದಿರಲು ಇದೇ ಕಾರಣ. ಹುಡುಕುವಾಗ ಚಿಹ್ನೆಗಳಿಲ್ಲದೆ ಹೀಗೆ ಹಾಕಿ:

```
مع العسر يسرا
```

ಪೋಸ್ಟರಿಗೆ ಮಾತ್ರ ಚಿಹ್ನೆಗಳಿರುವ ಪಾಠವನ್ನೇ ಬಳಸಿ. ಆಯತ್‌ನ ಎರಡೂ ಕಡೆ ಹೂವಿನಂಥ ಆವರಣ, ಕೆಳಗೆ ಸಂಖ್ಯೆಗಿಂತ ಸೂರಾದ ಹೆಸರು, ಇದು ಅರಬಿ ಓದುಗರಿಗೆ ರೂಢಿ:

```
﴿فَإِنَّ مَعَ الْعُسْرِ يُسْرًا﴾
سورة الشرح: ٥
```

ಬೈಬಲ್ ವಚನವಾದರೆ ಒಂದು ಪ್ರಶ್ನೆ ಜಾಸ್ತಿ

ಬೈಬಲ್‌ನ ಅರಬಿಯೂ ಅನುವಾದವೇ. ಹಾಗಾಗಿ ಯಾವ ಅನುವಾದ ಎಂದು ಗಿರಾಕಿಯನ್ನು ಕೇಳಬೇಕು. ಅರಬಿ ಪ್ರೊಟೆಸ್ಟೆಂಟರಲ್ಲಿ, ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರಲ್ಲಿ 1865ರಲ್ಲಿ ಬೈರೂತ್‌ನಲ್ಲಿ ಪೂರ್ತಿಯಾದ ವ್ಯಾನ್ ಡೈಕ್ ಪಾಠ ಬಾಯಿಪಾಠ ಆಗಿಹೋಗಿದೆ. ಕ್ಯಾಥೊಲಿಕರಿಗೆ ಅವರದೇ ಅನುವಾದಗಳಿವೆ. 23ನೇ ಕೀರ್ತನೆಯ ಮೊದಲ ವಚನ ವ್ಯಾನ್ ಡೈಕ್‌ನಲ್ಲಿ ಹೀಗಿದೆ:

```
الرَّبُّ رَاعِيَّ فَلاَ يُعْوِزُنِي شَيْءٌ
```

‘ಕರ್ತನು ನನ್ನ ಕುರುಬ, ನನಗೆ ಯಾವುದರ ಕೊರತೆಯೂ ಆಗದು’ ಎಂದರ್ಥ. ಹಳೆಯ ಇಂಗ್ಲಿಷಿನಲ್ಲಿ ‘ಕೊರತೆ’ಗೆ ಬಳಸಿದ ಕ್ರಿಯಾಪದಕ್ಕೆ ಇವತ್ತು ‘ಬೇಕು’ ಎನ್ನುವ ಅರ್ಥವೇ ಜಾಸ್ತಿ. ಹೊಸದಾಗಿ ಅನುವಾದಿಸಿದರೆ ‘ಕರ್ತನು ನನ್ನ ಕುರುಬ, ನನಗೆ ಬೇಡ’ ಆಗಿಬಿಡುತ್ತದೆ. ಇನ್ನೊಂದು ವಿಷಯ: ಗ್ರೀಕ್ ಪಾಠದ ಎಣಿಕೆ ಅನುಸರಿಸುವ ಬೈಬಲ್‌ಗಳಲ್ಲಿ ಇದೇ ಕೀರ್ತನೆ 22ನೆಯದು. ಸಂಖ್ಯೆ ಹೊಂದುತ್ತಿಲ್ಲ ಎಂದು ಗಾಬರಿ ಬೇಡ, ಪಕ್ಕದ ಕೀರ್ತನೆ ನೋಡಿ.

ಚಿತ್ರದಲ್ಲಿ ಕೂರಿಸಿದ ಮೇಲೆ ನೋಡಬೇಕಾದ್ದು

ಸರಿಯಾದ ಪಾಠವೂ ಪೇಸ್ಟ್ ಮಾಡುವಾಗ ಕೆಡಬಹುದು. ಬಲದಿಂದ ಎಡಕ್ಕೆ ಬರೆಯುವ ಸೌಲಭ್ಯ ಆನ್ ಆಗದ ಡಿಸೈನ್ ಸಾಫ್ಟ್‌ವೇರಿನಲ್ಲಿ ಅಕ್ಷರಗಳು ಕೈಬಿಟ್ಟು ಒಂಟಿ ಒಂಟಿಯಾಗಿ ನಿಲ್ಲುತ್ತವೆ, ಸಾಲು ತಿರುವುಮುರುವಾಗುತ್ತದೆ. ತಾಣದಲ್ಲಿ ಕೂಡಿಕೊಂಡಿದ್ದ ಪದ ನಿಮ್ಮ ಪರದೆಯಲ್ಲಿ ಬಿಡಿಬಿಡಿಯಾಗಿ ಕಂಡರೆ ಅಲ್ಲೇ ನಿಲ್ಲಿಸಿ. ಫಾಂಟ್ ಕೂಡ ಮುಖ್ಯ. ಸ್ವರಚಿಹ್ನೆ ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳುವ ಅಮೀರಿಯಂಥ ಫಾಂಟ್ ಆರಿಸಿ.

ಈ ಆಯತ್‌ನಲ್ಲಿ ನಾನು ಭೂತಗನ್ನಡಿ ಹಿಡಿದು ನೋಡುವ ಜಾಗ ಒಂದಿದೆ. ಕಷ್ಟ ಎಂದರೆ ‘ಉಸ್ರ್’, ಸುಲಭ ಎಂದರೆ ‘ಯುಸ್ರ್’. ಕೊನೆಯ ಎರಡು ಅಕ್ಷರ ಎರಡಕ್ಕೂ ಒಂದೇ, ಮೊದಲ ಅಕ್ಷರ ಮಾತ್ರ ಬೇರೆ. ‘ಯುಸ್ರ್’ನ ಮೊದಲ ಅಕ್ಷರದ ಕೆಳಗೆ ಎರಡು ಚುಕ್ಕೆ ಇರುತ್ತವೆ. ಸೂರ್ಯೋದಯದ ಹಳದಿ ಬಣ್ಣದ ಮೇಲೆ ಬಿಳಿ ಅಕ್ಷರ, ಅದರ ಮೇಲೆ ಚಿತ್ರದ ಗಾತ್ರ ಬೇರೆ ಕುಗ್ಗಿಸಿದರು. ನನ್ನ ಮೊದಲ ಪ್ರತಿಯಲ್ಲಿ ಆ ಚುಕ್ಕೆಗಳು ಬೆಳಕಿನಲ್ಲಿ ಕರಗಿಹೋಗಿದ್ದವು. ಆಯತ್‌ನ ಹಿಂದೆ ಕಡುನೀಲಿ ಪಟ್ಟಿ ಹಾಕಿದ ಮೇಲೆ ಸರಿಹೋಯಿತು.

ಕೊನೆಗೆ ಕುರ್‌ಆನ್ ಓದಬಲ್ಲ ಒಬ್ಬರಿಗೆ ತೋರಿಸಿ. ತೋರಿಸುವ ರೀತಿಯೂ ಮುಖ್ಯ. ನಾನು ಕುರ್‌ಆನ್ ಪೂರ್ತಿ ಬಾಯಿಪಾಠ ಇರುವ ಪರಿಚಯದ ಹಾಫಿಝ್ ಒಬ್ಬರ ಮುಂದೆ ಪ್ರಿಂಟ್ ಹಿಡಿದೆ. ಅವರು ಎರಡು ಪದ ನೋಡಿ ಉಳಿದದ್ದನ್ನು ಕಣ್ಣುಮುಚ್ಚಿ ಓದಿಬಿಟ್ಟರು. ಬಾಯಿಪಾಠ ಇದ್ದವರಿಗೆ ಕಾಗದದ ತಪ್ಪು ಕಾಣುವುದೇ ಇಲ್ಲ. ‘ಉಸ್ತಾದರೇ, ಹಾಗಲ್ಲ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿ’ ಎಂದೆ. ಅವರು ಕನ್ನಡಕ ಹಾಕಿಕೊಂಡು ಬಲತುದಿಯ ‘ಫ’ ಮೇಲೆ ಬೆರಳಿಟ್ಟು ಶುರುಮಾಡಿದರು.