ಮಕ್ಕಳ ಡ್ರೈ ಸಿರಪ್ ಕಲಸುವುದು: ಔಷಧ ಅಂಗಡಿಯಲ್ಲಿ ಕಂಡುಕೊಂಡದ್ದು

ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆ್ಯಂಟಿಬಯಾಟಿಕ್ ಪುಡಿಯ 30 ಮಿಲೀ ಬಾಟಲಿ ಕೊಡುವಾಗ ನಾನು ಮೊದಲು ತೋರಿಸುವುದು ಬಾಟಲಿಯ ಮೇಲಿನ ಗೆರೆ ಅಥವಾ ಲೇಬಲ್ಲಿನ ಬಾಣದ ಗುರುತು. 30 ಮಿಲೀ ಎಂದರೆ ಹಾಕಬೇಕಾದ ನೀರಲ್ಲ, ಕಲಸಿದ ಮೇಲೆ ಆಗುವ ಒಟ್ಟು ಔಷಧ. ಪುಡಿಯೂ ಜಾಗ ಹಿಡಿಯುವುದರಿಂದ, 30 ಮಿಲೀ ನೀರು ಅಳೆದು ಸುರಿದರೆ ಔಷಧ ಗೆರೆ ದಾಟಿ ತೆಳ್ಳಗಾಗುತ್ತದೆ.

ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಪೂರ್ತಿ ಆರಿಸಿ. ಬಿಸಿ ನೀರಿನಲ್ಲಿ ಔಷಧ ಕೆಡುತ್ತದೆ, ಉಗುರುಬೆಚ್ಚಗೂ ಬೇಡ. ಪ್ಯಾಕಿನಲ್ಲೇ ನೀರು ಕೊಟ್ಟಿದ್ದರೆ ಅದನ್ನೇ ಬಳಸಿ. ಮುಚ್ಚಳ ತೆರೆಯುವ ಮೊದಲು ಬಾಟಲಿಯ ತಳವನ್ನು ಅಂಗೈಗೆ ತಟ್ಟಿ ಪುಡಿ ಸಡಿಲಾಗುವಂತೆ ಮಾಡಿ. ಇಲ್ಲದಿದ್ದರೆ ತಳದಲ್ಲಿ ಗಟ್ಟಿಯಾದ ಉಂಡೆ ಹಾಗೇ ಉಳಿಯುತ್ತದೆ. ಗೆರೆಗಿಂತ ಸ್ವಲ್ಪ ಕೆಳಗಿನವರೆಗೆ ನೀರು ಹಾಕಿ, ಮುಚ್ಚಿ, ಜೋರಾಗಿ ಕುಲುಕಿ. ನೊರೆ ಇಳಿಯುವವರೆಗೆ ಕಾಯಿರಿ, ಏಕೆಂದರೆ ನೊರೆ ಇರುವಾಗ ಗೆರೆ ಮುಟ್ಟಿದಂತೆ ಕಾಣುವುದು ಮೋಸ. ಆಮೇಲೆ ಗೆರೆಯವರೆಗೆ ನೀರು ತುಂಬಿ ಮತ್ತೆ ಕುಲುಕಿ.

ಒಂದು ಲೆಕ್ಕ ನೋಡಿ. 5 ಮಿಲೀಯಲ್ಲಿ 200 ಮಿಗ್ರಾಂ ಅಮಾಕ್ಸಿಸಿಲಿನ್ ಇರುವ ಬಾಟಲಿಯಲ್ಲಿ ಒಟ್ಟು 1200 ಮಿಗ್ರಾಂ ಇರುತ್ತದೆ. ವೈದ್ಯರು ಹೇಳಿದ 4 ಮಿಲೀಯಲ್ಲಿ ಮಗುವಿಗೆ 160 ಮಿಗ್ರಾಂ ಸಿಗಬೇಕು. ನೀರು ಹೆಚ್ಚಾಗಿ ಔಷಧ 36 ಮಿಲೀ ಆದರೆ ಅದೇ 4 ಮಿಲೀಯಲ್ಲಿ ಸಿಗುವುದು ಸುಮಾರು 133 ಮಿಗ್ರಾಂ.

ಔಷಧ ನೀರಿನಲ್ಲಿ ಪೂರ್ತಿ ಕರಗುವುದಿಲ್ಲ, ಕರಗದ ಪುಡಿ ತೇಲಿಕೊಂಡಿರುತ್ತದೆ. ನಿಂತಾಗ ತಳ ಸೇರುತ್ತದೆ. ಕುಲುಕದೆ ಕೊಟ್ಟರೆ ಮೊದಲ ದಿನಗಳಲ್ಲಿ ತೆಳುವಾದದ್ದು, ಕೊನೆಗೆ ಗಟ್ಟಿಯಾದದ್ದು ಮಗುವಿನ ಹೊಟ್ಟೆಗೆ ಹೋಗುತ್ತದೆ. ಆದ್ದರಿಂದ ಪ್ರತಿ ಸಲವೂ ಕುಲುಕಿ, ತಳದಲ್ಲಿ ಏನೂ ಅಂಟಿಲ್ಲವೆಂದು ಬಾಟಲಿ ಓರೆ ಮಾಡಿ ನೋಡಿ, ಗುರುತಿರುವ ಸಿರಿಂಜಿನಲ್ಲೇ ಅಳೆಯಿರಿ. ಅಡುಗೆ ಮನೆಯ ಚಮಚಗಳ ಅಳತೆ ಒಂದೊಂದು ಮನೆಗೆ ಒಂದೊಂದು.

ಕಲಸಿದ ದಿನಾಂಕವನ್ನು ಪೆನ್ನಿನಲ್ಲಿ ಲೇಬಲ್ ಮೇಲೆ ಬರೆಯಲು ಮರೆಯಬೇಡಿ. ಈ ಔಷಧವನ್ನು ಫ್ರಿಡ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ, ಮಧ್ಯದ ತಟ್ಟೆಯಲ್ಲಿಡಿ. ಬಾಗಿಲಿನಲ್ಲಿ ಬೇಡ, ಫ್ರೀಜರಿನಲ್ಲಂತೂ ಬೇಡವೇ ಬೇಡ. ಒಣ ಪುಡಿಯಾಗಿ ತಿಂಗಳುಗಟ್ಟಲೆ ಬಾಳುವ ಕ್ಲಾವುಲನೇಟ್ ನೀರು ತಾಗಿದ ಮೇಲೆ ಬೇಗ ಒಡೆಯುತ್ತದೆ. ಹಾಗಾಗಿಯೇ ಏಳು ದಿನದ ಗಡುವು. ಮನೆಯಲ್ಲಿ ಫ್ರಿಡ್ಜ್ ಇಲ್ಲದಿದ್ದರೆ ಚೀಟಿ ಬರೆಯುವಾಗಲೇ ವೈದ್ಯರಿಗೆ ಹೇಳಿ. ಬೇರೆ ಔಷಧಗಳ ಗಡುವು ಬೇರೆ, ಅವುಗಳ ಲೇಬಲ್ ಓದಿ.

ದಿನಕ್ಕೆರಡು ಸಲ 4 ಮಿಲೀಯಂತೆ ಐದು ದಿನಕ್ಕೆ 40 ಮಿಲೀ ಬೇಕು, ಅಂದರೆ ಎರಡು ಬಾಟಲಿ. ಮೊದಲನೆಯದು ಮುಗಿಯುವಾಗ ಎರಡನೆಯದನ್ನು ಕಲಸಿ. ಅದರಲ್ಲಿ ಉಳಿಯುವ 20 ಮಿಲೀಯನ್ನು ಮುಂದಿನ ಜ್ವರಕ್ಕೆಂದು ಇಟ್ಟುಕೊಳ್ಳಬೇಡಿ. ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಕೆಟ್ಟಿದೆ ಎಂದು ಗೊತ್ತಾಗುತ್ತದೆ, ಆದರೆ ಬಣ್ಣ ಬದಲಾಗದೆಯೂ ಬಲ ಕಳೆದುಕೊಂಡಿರಬಹುದು. ಉಳಿದದ್ದನ್ನು ಸಿಂಕಿಗೆ ಸುರಿಯದೆ, ಬಳಸಿದ ಟೀ ಪುಡಿಯೊಂದಿಗೆ ಕಲಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ.