ಮನೆ ಕಂದಾಯ, ನೀರಿನ ಬಿಲ್: ಬಾಡಿಗೆ ಕರಾರಿನಲ್ಲಿ ನಾನು ಬರೆಸಿದ್ದು

ವಿರಾಜಪೇಟೆಯಲ್ಲಿ ಅಪ್ಪ ಕಟ್ಟಿಸಿದ ಎರಡು ಅಂತಸ್ತಿನ ಮನೆಯೊಂದಿದೆ. ನಾವು ತೋಟದಲ್ಲಿರುವುದರಿಂದ ಕೆಳಗೂ ಮೇಲೂ ಬಾಡಿಗೆಗೆ ಕೊಟ್ಟಿದ್ದೇವೆ. ಹಳೆಯ ಕರಾರಿನಲ್ಲಿ ಇದ್ದದ್ದು ಒಂದೇ ಸಾಲು: 'ಕಂದಾಯ ಮಾಲೀಕರದ್ದು, ನೀರು ಮತ್ತು ಕರೆಂಟು ಬಾಡಿಗೆದಾರರದ್ದು.' ಇಷ್ಟು ಸಾಕು ಅಂತ ನಾನೂ ನಂಬಿದ್ದೆ.

ಕೆಳಗಿನ ಮನೆಯವರು ಖಾಲಿ ಮಾಡಿ ಅಡ್ವಾನ್ಸ್ ವಾಪಸ್ ತೆಗೆದುಕೊಂಡು ಹೋದರು. ಮುಂದಿನ ತಿಂಗಳು ಬಂದ ನೀರಿನ ಬಿಲ್‌ನಲ್ಲಿ 14 ತಿಂಗಳ ಬಾಕಿ, 3,920 ರೂಪಾಯಿ. ಕನೆಕ್ಷನ್ ಇರುವುದು ಅಪ್ಪನ ಹೆಸರಲ್ಲಿ. ಬಾಡಿಗೆದಾರ ಕಟ್ಟಬೇಕು ಅಂತ ನಮ್ಮ ನಮ್ಮಲ್ಲಿ ಬರೆದುಕೊಂಡರೂ, ಬಾಕಿ ಕೇಳುವುದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರನ್ನೇ. ಕಂದಾಯವೂ ಹಾಗೇ, ಖಾತೆದಾರನನ್ನೇ ಹುಡುಕಿಕೊಂಡು ಬರುತ್ತದೆ. ನಮ್ಮ ಕರಾರು ನಮ್ಮಿಬ್ಬರ ನಡುವಿನ ಲೆಕ್ಕಕ್ಕೆ ಮಾತ್ರ. ಆ ಹಣ ನಾನೇ ಕಟ್ಟಿದೆ.

ಮುಂದೆ ಕೆಳಗಿನ ಭಾಗವನ್ನು ಕೇಳಿಕೊಂಡು ಬಂದವರು ಸಣ್ಣ ಹೋಟೆಲ್ ಹಾಕುವವರು. ಆಗ ಕರಾರನ್ನು ಹೊಸದಾಗಿ ಬರೆಸಬೇಕಾಯಿತು. ಯಾಕಂದ್ರೆ ವಾಸದ ಮನೆಗೂ ವ್ಯಾಪಾರದ ಜಾಗಕ್ಕೂ ಕಂದಾಯದ ದರ ಬೇರೆ. ಸ್ವಯಂ ಘೋಷಣೆಯ ಫಾರಂನಲ್ಲಿ ಬಳಕೆ ಏನು ಅಂತ ಮಾಲೀಕನೇ ಬರೆದು ಕೊಡಬೇಕು. ಸುಮ್ನೆ ಹಳೆಯ ಹಾಗೆ 'ವಾಸ' ಅಂತ ಬಿಟ್ಟರೆ, ಮುಂದೆ ಗೊತ್ತಾದಾಗ ವ್ಯತ್ಯಾಸದ ಹಣವೂ ದಂಡವೂ ಮಾಲೀಕನ ತಲೆಗೇ ಬರುತ್ತದೆ. ಹೋಟೆಲ್ ಇಟ್ಟವನಿಗಲ್ಲ.

ಲೆಕ್ಕ ಹಾಕಿ ನೋಡಿದೆ. ಎರಡೂ ಅಂತಸ್ತು ವಾಸಕ್ಕಿದ್ದಾಗ ವರ್ಷಕ್ಕೆ 6,200 ರೂಪಾಯಿ ಬರುತ್ತಿತ್ತು. ಕೆಳಗೆ ವ್ಯಾಪಾರ ಅಂತ ಹಾಕಿದರೆ 11,400. ಹೆಚ್ಚಾಗುವ 5,200 ಹೋಟೆಲಿನಿಂದಲೇ ಬಂದದ್ದು, ಅದನ್ನು ಅವರೇ ಹೊರಬೇಕು ಅಂತ ನಾನು ಕೇಳಿದೆ. ಅವರು ಒಪ್ಪಿದರು. 'ಹಾಗಿದ್ರೆ ಅಣ್ಣಾ, ನಾನೇ ಹೋಗಿ ಕಟ್ಟಿ ರಸೀದಿ ತಂದು ಕೊಡ್ತೀನಿ' ಅಂದರು.

ಅಲ್ಲಿ ನಾನು ಬೇಡ ಅಂದೆ. ಬಾಡಿಗೆ ಆದಾಯದ ಮೇಲೆ ಆದಾಯ ತೆರಿಗೆ ಲೆಕ್ಕ ಹಾಕುವಾಗ, ಮಾಲೀಕ ತನ್ನ ಕೈಯಿಂದ ಆ ವರ್ಷ ನಿಜವಾಗಿ ಕಟ್ಟಿದ ಕಂದಾಯವನ್ನು ಮಾತ್ರ ಕಳೆಯಲು ಬರುತ್ತದೆ. ಬಾಡಿಗೆದಾರ ಕಟ್ಟಿದ್ದು ನನ್ನ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಕಾರಣ, ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಬೇರೆಯವರನ್ನು ನಂಬಿ ತಿಂಗಳು ಜಾರಿದರೆ ರಿಯಾಯಿತಿ ಹೋಗುತ್ತದೆ, ಇನ್ನೂ ತಡವಾದರೆ ದಂಡ ಬೀಳುತ್ತದೆ. ಹಾಗಾಗಿ 5,200 ಅನ್ನು 12ರಿಂದ ಭಾಗಿಸಿ, ಬಂದ 433ರಲ್ಲಿ ಚಿಲ್ಲರೆ ಬಿಟ್ಟು ತಿಂಗಳಿಗೆ 430 ರೂಪಾಯಿ ಬಾಡಿಗೆಯಲ್ಲೇ ಸೇರಿಸಿದೆವು. ಕಂದಾಯ ಪೂರ್ತಿ ನಾನು ಕಟ್ಟುವುದು, ಪ್ರತಿ ವರ್ಷ ರಸೀದಿಯ ನಕಲು ಅವರಿಗೆ ಕೊಡುವುದು. 430 ಹೇಗೆ ಬಂತು ಅನ್ನುವುದನ್ನೂ ಕರಾರಿನಲ್ಲಿ ಬರೆಸಿದೆ.

ನೀರಿನದ್ದು ಇದಕ್ಕಿಂತ ತಲೆನೋವು. ಇದ್ದದ್ದು ಒಂದೇ ಕನೆಕ್ಷನ್. ಅದಕ್ಕೆ ಹೋಟೆಲ್ ಸೇರಿದರೆ ಮೇಲಿನ ಮನೆಯ ನೀರಿಗೂ ವಾಣಿಜ್ಯ ದರ ಬೀಳುತ್ತದೆ. ಮೇಲಿರುವ ಅಕ್ಕ ಯಾಕೆ ಹೋಟೆಲಿನ ದರ ಕೊಡಬೇಕು, ಅಲ್ವಾ? ಕೆಳಗಿನದಕ್ಕೆ ಬೇರೆ ಕನೆಕ್ಷನ್, ಬೇರೆ ಮೀಟರ್ ಹಾಕಿಸಿದೆ. ಕನೆಕ್ಷನ್ ನನ್ನ ಹೆಸರಲ್ಲೇ, ಅದರ ಖರ್ಚೂ ನನ್ನದೇ, ಯಾಕಂದ್ರೆ ಅವರು ಹೋದ ಮೇಲೂ ಅದು ಕಟ್ಟಡಕ್ಕೇ ಉಳಿಯುತ್ತದೆ. ತಿಂಗಳ ಬಿಲ್ ಅವರದ್ದು. ಕಟ್ಟಿದ ರಸೀದಿಯ ಫೋಟೊ 10ನೇ ತಾರೀಕಿನೊಳಗೆ ನನಗೆ ವಾಟ್ಸ್ಆಪ್ ಮಾಡಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಆ ದುಡ್ಡೂ ಅವರದ್ದೇ ಅಂತ ಬರೆಸಿದೆ. ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ 3,000 ರೂಪಾಯಿಯನ್ನು ಕೊನೆಯ ಬಿಲ್ ಬರುವವರೆಗೆ ಹಿಡಿದಿಟ್ಟುಕೊಳ್ಳುತ್ತೇನೆ. ಹಿಂದಿನವರು ಹೋದಾಗ ತಪ್ಪಿದ್ದು ಇಲ್ಲೇ.

ಕೀಲಿ ಕೊಟ್ಟ ದಿನ ಜುಲೈ ಮಳೆ. ಮೀಟರ್ ಗುಂಡಿಯ ಚಪ್ಪಡಿ ಎತ್ತಿದರೆ ಒಳಗೆಲ್ಲ ಪಾಚಿ. ಗಾಜು ಒರೆಸಿ, ಇಬ್ಬರೂ ಕೊಡೆ ಹಿಡಿದು ಬಗ್ಗಿ ಅಂಕಿ ಓದಿಕೊಂಡೆವು. ಫೋಟೊ ತೆಗೆದು ಆ ಅಂಕಿಯನ್ನು ಕರಾರಿನ ಹಿಂದೆ ಬರೆದು ಇಬ್ಬರೂ ಸಹಿ ಹಾಕಿದೆವು. ಆಮೇಲೆ ಎಲ್ಲ ನಲ್ಲಿ ನಿಲ್ಲಿಸಿ, ಮೀಟರಿನ ಚಿಕ್ಕ ಚಕ್ರವನ್ನು ಕಾಲು ಗಂಟೆ ನೋಡಿದೆವು. ನಲ್ಲಿ ನಿಂತಿದ್ದರೂ ಅದು ತಿರುಗುತ್ತಿದ್ದರೆ ಪೈಪ್ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಗೋಡೆಯೊಳಗಿನ, ನೆಲದಡಿಯ ಪೈಪ್ ಸೋರಿದರೆ ನನ್ನ ಖರ್ಚು, ನಲ್ಲಿ ಮತ್ತು ವಾಷರ್ ಅವರದ್ದು ಅಂತ ಮೊದಲೇ ಬರೆದಿದ್ದೆವು.

ಎರಡನೇ ವರ್ಷ ಕಂದಾಯ 12,300ಕ್ಕೆ ಏರಿತು. ಬಳಕೆ ಬದಲಾಗಿರಲಿಲ್ಲ, ದರವೇ ಹೆಚ್ಚಾಗಿತ್ತು. ಬಳಕೆಯಿಂದ ಏರಿದರೆ ಬಾಡಿಗೆದಾರರದ್ದು, ದರದಿಂದ ಏರಿದರೆ ಮಾಲೀಕರದ್ದು ಅಂತ ಕರಾರಿನಲ್ಲಿತ್ತು. ಆ 900 ನಾನು ಹಾಕಿ, ಏಪ್ರಿಲ್ 20ರಂದು ಕಟ್ಟಿ, ರಸೀದಿಯ ನಕಲನ್ನು ಹೋಟೆಲಿನ ಗಲ್ಲಾದಲ್ಲಿ ಕೊಟ್ಟು ಬಂದೆ.